ಹರ್ಷದಾ ಇಲ್ಲದ ಟೈಮ್‌ಟೇಬಲ್

ಸರಕಾರಿ ನೌಕರರು ದೊಡ್ಡ ರಜೆ ಬೇಡುವಾಗ ಒಂದೇ ಕಾಗದದಲ್ಲಿ ಎರಡು ಮಾತು ಹೇಳಬೇಕಾಗುತ್ತದೆ. ನಾನು ಬಹಳ ಕೆಲಸದವನು ಎಂಬುದು ಒಂದು, ನಾನಿಲ್ಲದಿದ್ದರೂ ಕೆಲಸವೇನೂ ನಿಲ್ಲುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಕಚೇರಿಯಲ್ಲಿ ಯಾರೂ ನಂಬುವುದಿಲ್ಲ. ಎರಡನೆಯದನ್ನು ಅವರು ನಂಬಿಬಿಟ್ಟರೆ ಗತಿಯೇನು ಎಂದು ಹರ್ಷದಾ ಚೌಗುಲೆ ಒಂದು ಗಳಿಗೆಯೂ ಯೋಚಿಸಲಿಲ್ಲ. ಓದಿದವಳು, ಓದಿಸುವವಳು, ಆದರೂ ಯೋಚಿಸಲಿಲ್ಲ.

ಹರ್ಷದಾ ಸಾಂಗ್ಲಿಯ ಸರಕಾರಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ. ಕೊಟ್ಟ ಮನೆ ಅರಿಶಿನದ ವ್ಯಾಪಾರದ್ದು. ಮಾವ ತಾತ್ಯಾಸಾಹೇಬರಿಗೆ ಮಾರುಕಟ್ಟೆಯಲ್ಲಿ ಅಡತಿ ಅಂಗಡಿ ಇತ್ತು, ಗಂಡ ಅಭಿಜಿತ ಅಲ್ಲಿಯೇ ಕೂರುತ್ತಿದ್ದ. ಅರಿಶಿನದ ಎಲೆಯನ್ನು ಸುಟ್ಟ ಹಾಗೆ ಒಣಗಿಸುವ ಕರ್ಪಾ ರೋಗವನ್ನೇ ಹಿಡಿದು ಪಿಎಚ್.ಡಿ. ಮಾಡಬೇಕೆಂಬುದು ಅವಳ ಆಸೆ. ತನಗಿಂತ ಚಿಕ್ಕವರೆಲ್ಲ ಹೆಸರಿನ ಮುಂದೆ ಡಾಕ್ಟರ್ ಅಂಟಿಸಿಕೊಂಡು ಬಡ್ತಿಯ ಸಂದರ್ಶನಕ್ಕೆ ಹೋಗಿ ಬರುತ್ತಿದ್ದರು. ಇವಳು ಮಾತ್ರ ಬರಿಯ ಮೇಡಂ. ವಿದ್ಯಾಪೀಠದಲ್ಲಿ ಪ್ರವೇಶ ಸಿಕ್ಕಿತ್ತು, ಗೈಡ್ ಕೂಡ ಒಪ್ಪಿದ್ದರು. ಪೂರ್ಣ ವೇಳೆಯ ವಿದ್ಯಾರ್ಥಿಯಾಗಿ ಹಾಜರಾಗಲು ಗಣೇಶ ಚೌತಿಯ ತನಕ ಅವಧಿ ಕೊಟ್ಟಿದ್ದರು. ಬೇಕಾಗಿದ್ದದ್ದು ಅಧ್ಯಯನ ರಜೆಯ ಮಂಜೂರಿ ಒಂದೇ.

ಅರ್ಜಿ ಮಾರ್ಚಿನಲ್ಲೇ ಹೋಗಿತ್ತು. ಪ್ರವೇಶಪತ್ರ, ಸೇವಾ ಪುಸ್ತಕದ ನಕಲು, ತನ್ನ ಮೇಲೆ ಯಾವ ಇಲಾಖಾ ವಿಚಾರಣೆಯೂ ಬಾಕಿ ಇಲ್ಲವೆಂಬ ದಾಖಲೆ, ಓದು ಮುಗಿಸಿ ಬಂದ ಮೇಲೆ ಮೂರು ವರ್ಷ ಸರಕಾರದಲ್ಲೇ ದುಡಿಯುತ್ತೇನೆ, ಬಿಟ್ಟು ಹೋದರೆ ರಜೆಯ ಸಂಬಳವನ್ನೆಲ್ಲ ತಿರುಗಿ ಕಟ್ಟುತ್ತೇನೆ ಎಂಬ ಬಾಂಡ್‌ನ ಕರಡು, ಎಲ್ಲವನ್ನೂ ಟ್ಯಾಗಿನಲ್ಲಿ ಪೋಣಿಸಿ ಕೊಟ್ಟಿದ್ದಳು. ವಿಭಾಗದ ಮುಖ್ಯಸ್ಥರಿಂದ ಪ್ರಾಚಾರ್ಯರಿಗೆ, ಅಲ್ಲಿಂದ ಇಲಾಖೆಯ ಸಹಸಂಚಾಲಕರಿಗೆ, ಅಲ್ಲಿಂದ ಪುಣೆಗೆ, ಪುಣೆಯಿಂದ ಮುಂಬೈಗೆ ಅದು ಹೋಗಬೇಕು. ಜೂನ್ ಬಂದರೂ ಅದು ಎರಡನೇ ಮೆಟ್ಟಿಲಾದ ಸಹಸಂಚಾಲಕರ ಕಚೇರಿಯಲ್ಲೇ ಕೂತಿತ್ತು.

"ಮೇಡಂ, ನಿಮ್ಮ ಅರ್ಜಿ ತವರಮನಿಗೆ ಬಂದೈತ್ರಿ," ಅಂದ ಸಿಬ್ಬಂದಿಯ ಕಾಗದಪತ್ರ ನೋಡುವ ಆಸ್ಥಾಪನಾ ವಿಭಾಗದ ಗುಮಾಸ್ತ ಶಿದ್ರಾಮ, ಫೈಲನ್ನು ಮೇಜಿನ ಮೇಲೆ ಇಡುತ್ತ. ಜತ್ತ ಕಡೆಯವನು, ಕೆಟ್ಟ ಸುದ್ದಿ ಹೇಳುವಾಗ ಅವನ ಮುಖಕ್ಕೆ ಎಲ್ಲಿಲ್ಲದ ಕಳೆ ಬರುತ್ತಿತ್ತು. "ಶೇರಾ ಹೊಡದಾರ ನೋಡ್ರಿ. ನೀವು ಹ್ವಾದ ಮ್ಯಾಲ ಪಾಠಾ ಯಾರ ಮಾಡೂದು, ಖರ್ಚ ಬೀಳದಂಗ ಹ್ಯಾಂಗ ಮಾಡೂದು, ತಪಶೀಲ ಬೇಕಂತ."

ಹರ್ಷದಾ ಸಹಸಂಚಾಲಕರು ಬರೆದ ಶೇರಾ ಓದಿದಳು. ಅವನು ಹೇಳಿದ್ದೇ ಅದರಲ್ಲಿತ್ತು. ವಿಭಾಗದಲ್ಲಿ ಇದ್ದವರಾದರೂ ಎಷ್ಟು ಜನ? ಮಂಜೂರಾದ ಮೂರು ಹುದ್ದೆಗಳಲ್ಲಿ ಒಂದನ್ನು ಸರಕಾರ ಹಿಂದೆಯೇ ನುಂಗಿತ್ತು. ಉಳಿದದ್ದು ಮುಖ್ಯಸ್ಥ ಡಾ. ಸಿದ್ಧೇಶ್ವರ ಹಳಿಂಗಳೆ ಮತ್ತು ಇವಳು. ಹೆಚ್ಚಾದ ತರಗತಿಗಳನ್ನು ಋತುಜಾ ಎಂಬ ಹುಡುಗಿ ತಾಸಿನ ಲೆಕ್ಕದ ಮೇಲೆ ತೆಗೆದುಕೊಳ್ಳುತ್ತಿದ್ದಳು. ಇಬ್ಬರಲ್ಲಿ ಒಬ್ಬಳು ಎದ್ದು ಹೋದರೆ ಪಾಠ ನಡೆಯುತ್ತದೆ ಎಂದು ಯಾವ ಬಾಯಿಂದ ಹೇಳುವುದು? ಅವಳಿಗೆ ಅಳುವೇ ಬಂತು.

ಹಳಿಂಗಳೆ ಸರ್ ಮಿರಜದ ಬೆಲ್ಲದ ವ್ಯಾಪಾರಿಗಳ ಮನೆತನದವರು. ವಿಶ್ರಾಮಬಾಗದಲ್ಲಿ ಮಹಡಿ ಮನೆ ಕಟ್ಟಿಸಿದ್ದರು, ತಾರಸಿಯಲ್ಲಿ ಬೋನ್ಸಾಯ್ ಬೆಳೆಸಿದ್ದರು. ಈ ಕಾಲೇಜಿನಲ್ಲಿ ಬೇರು ಬಿಟ್ಟು ಎಷ್ಟೋ ವರ್ಷವಾಗಿತ್ತು, ಬದಲಿಯ ಹಂಗಾಮು ಬಂದಾಗಲೆಲ್ಲ ಅವರಿಗೆ ಬಿ.ಪಿ. ಏರುತ್ತಿತ್ತು. ಅವರದೊಂದು ರೂಢಿಯಿತ್ತು. ಕಚೇರಿಯ ಮಾತನ್ನು ಮರಾಠಿಯಲ್ಲಿ ಆಡುವರು. ಒಳಗಿನ ಮಾತನ್ನು, ಯಾರ ಕಿವಿಗೂ ಬೀಳಬಾರದ್ದನ್ನು, ಪ್ರಯೋಗಶಾಲೆಯ ಸಿಂಕಿನ ಹತ್ತಿರ ನಿಂತು ಹರ್ಷದಾಳೊಡನೆ ಕನ್ನಡದಲ್ಲಿ ಆಡುವರು. ಪ್ರಾಚಾರ್ಯರು ಪುಣೆಯವರು, ಅವರಿಗೆ ಈ ಭಾಷೆಯ ಗಂಧವಿರಲಿಲ್ಲ.

ಇಲ್ಲಿಯೇ ಹರ್ಷದಾ ಮೋಸಹೋದದ್ದು. ಅವಳಿಗೆ ಕನ್ನಡವೆಂದರೆ ಅಡುಗೆಮನೆ, ಅಜ್ಜಿ, ಬಸದಿಗೆ ಹೋಗುವ ದಾರಿಯ ಹರಟೆ. ಶಾಲೆ, ಬ್ಯಾಂಕು, ತಹಶೀಲು, ಜಗಳ, ಸುಳ್ಳು, ಎಲ್ಲವೂ ಮರಾಠಿಯಲ್ಲಿ ನಡೆದಿದ್ದವು. ಮರಾಠಿಯಲ್ಲಿ ಯಾರಾದರೂ ಏನಾದರೂ ಹೇಳಿದರೆ ಅವಳು ಹಿಂದೆ ಮುಂದೆ ನೋಡುತ್ತಿದ್ದಳು. ಕನ್ನಡದಲ್ಲಿ ಹೇಳಿದರೆ ನಂಬುತ್ತಿದ್ದಳು. ಗಡಿಯ ಈಚೆ ಹೀಗೆ ಅರ್ಧಂಬರ್ಧ ಭಾಷೆಯಲ್ಲಿ ಬೆಳೆದವರಿಗೆಲ್ಲ ಈ ಹುಚ್ಚಿರುತ್ತದೆ, ಮನೆಯ ಮಾತಿನಲ್ಲಿ ಯಾರೂ ಹೊರಗಿನವರ ಹಾಗೆ ನಡೆಯುವುದಿಲ್ಲ ಅಂತ.

"ಅಳಬ್ಯಾಡ ತಂಗಿ," ಅಂದರು ಸರ್, ನಲ್ಲಿ ತಿರುವಿ ಕೈ ತೊಳೆಯುತ್ತ. "ನೀ ಒಂದ ಕೆಲಸಾ ಮಾಡು. ನೀ ಇಲ್ಲದ ಟೈಮ್‌ಟೇಬಲ್ ಒಂದು ತಯಾರ ಮಾಡು. ಬ್ಯಾಚ್ ಕೂಡಸು. ನನಗ ಹೆಚ್ಚಿಗಿ ತಾಸು ಹಾಕು, ನಾ ಏನೂ ಅನ್ನೂದಿಲ್ಲ. ನೋಡಿದವರು ಹೌದಪಾ, ಈಕಿ ಇಲ್ಲಂದ್ರೂ ಎಲ್ಲಾ ಸಸೂತ್ರ ನಡೀತೈತಿ ಅನ್ನಬೇಕು. ಅಂದ್ರ ರಜಾ ಯಾಕ ಕೊಡೂದಿಲ್ಲ?"

"ಸರ್, ನಿಮಗ ತ್ರಾಸ ಆಕ್ಕೈತಲ್ರಿ?"

"ನಮ್ಮವ್ರಿಗೆ ನಾವ ಮಾಡಲಿಲ್ಲಂದ್ರ ಯಾರ ಮಾಡತಾರ?"

ಹರ್ಷದಾಳ ಕಣ್ಣು ತುಂಬಿತು. ನಾಚಿಕೆಯೂ ಆಯಿತು. ಯಾಕೆಂದರೆ ವಿಭಾಗದಲ್ಲಿ ಕಿರಿಯರು ಪಿಎಚ್.ಡಿ.ಗೆ ತಮ್ಮ ಮುಖ್ಯಸ್ಥರನ್ನೇ ಗೈಡ್ ಮಾಡಿಕೊಳ್ಳುವುದು ವಾಡಿಕೆ. ಅವಳು ಹಾಗೆ ಮಾಡದೆ ವಿದ್ಯಾಪೀಠದಲ್ಲಿ ಶಿಲೀಂಧ್ರ ರೋಗಗಳನ್ನು ಬಲ್ಲ ಬೇರೊಬ್ಬರನ್ನು ಹುಡುಕಿಕೊಂಡಿದ್ದಳು. ಅಂದು ಸರ್ ಮರಾಠಿಯಲ್ಲಿ ಅಭಿನಂದನೆ ಹೇಳಿ ಚಹಾ ತರಿಸಿದ್ದರು. ಇಷ್ಟು ದೊಡ್ಡ ಮನಸ್ಸಿನ ಮನುಷ್ಯನ ಬಗ್ಗೆ ತಾನು ಸಂಶಯಪಟ್ಟೆನಲ್ಲ ಎಂದು ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡಳು.

ಆಮೇಲೆ ಆ ಟೈಮ್‌ಟೇಬಲ್ಲಿಗೆ ಅವಳು ಬಿದ್ದ ಪಾಡು! ಪ್ರಥಮ ವರ್ಷದ ಎರಡು ಪ್ರಾಯೋಗಿಕ ಬ್ಯಾಚುಗಳನ್ನು ಒಂದು ಮಾಡಿದಳು. ಸೂಕ್ಷ್ಮದರ್ಶಕಗಳು ಸಾಲುತ್ತವೆಂದು ತೋರಿಸಲು ಕಪಾಟಿನಲ್ಲಿ ಕೆಟ್ಟು ಕೂತಿದ್ದವನ್ನು ಮಿರಜಕ್ಕೆ ಒಯ್ದು ರಿಪೇರಿ ಮಾಡಿಸಿ ತಂದಳು. ಅಂತಿಮ ವರ್ಷದಲ್ಲಿ ತಾನೇ ಹಟ ಹಿಡಿದು ಶುರುಮಾಡಿದ್ದ ಸಸ್ಯರೋಗದ ಐಚ್ಛಿಕ ವಿಷಯವನ್ನು ತೆಗೆದು, ಸರ್ ನಿದ್ದೆಯಲ್ಲೂ ಹೇಳಬಲ್ಲ ಇನ್ನೊಂದನ್ನು ಹಾಕಿದಳು. ತನ್ನ ಪಾಠಗಳಿಗೆ ಟಿಪ್ಪಣಿ, ಚಿತ್ರ, ಪ್ರಶ್ನೆಗಳನ್ನೆಲ್ಲ ಬರೆದು ಯಾರು ಬೇಕಾದರೂ ಎತ್ತಿಕೊಂಡು ಓದಿಸುವ ಹಾಗೆ ಸಿದ್ಧಮಾಡಿಟ್ಟಳು. ಚೌಕದಿಂದ ಚೌಕಕ್ಕೆ ತನ್ನ ಹೆಸರನ್ನು ಅಳಿಸಿದಳು, ಎಲ್ಲಿಯೂ ಒಂದು ತೂತು ಉಳಿಯಲಿಲ್ಲ.

"ಏನವಾ ಅದು, ಊಟಾ ಬಿಟ್ಟ ಬರಿಯಾಕತ್ತಿದಿ?" ಎಂದು ಅತ್ತೆ ರತ್ನಾಬಾಯಿ ಕೇಳಿದರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ ಅದು, ಸೊಸೆಯ ತಾಟು ಎರಡು ದಿನದಿಂದ ಹಾಗೇ ಇತ್ತು.

"ನಾ ಇಲ್ಲದಿದ್ರ ಹ್ಯಾಂಗ ನಡಸೂದು ಅಂತ ಬರಿಯಾಕತ್ತೇನ್ರಿ."

"ಮನೀದೂ ಒಂದ ಬರದಿಡು," ಅಂದರು ರತ್ನಾಬಾಯಿ. ಚೇಷ್ಟೆಯೋ ಚುಚ್ಚುಮಾತೋ ತಿಳಿಯಲಿಲ್ಲ. ಆದರೂ ಮರುದಿನ ಸರ್ ಮನೆಗೆಂದು ಒಳ್ಳೆಯ ಬೆಲ್ಲದ ಅಚ್ಚು ಕಟ್ಟಿಕೊಟ್ಟವರು ಅವರೇ. ಬೆಲ್ಲದ ವ್ಯಾಪಾರಿಯ ಮನೆಗೆ ಬೆಲ್ಲ ಒಯ್ಯಲು ಹರ್ಷದಾಗೆ ನಗು ಬಂತು, ಆದರೂ ಒಯ್ದಳು.

ಸರ್ ಟೈಮ್‌ಟೇಬಲ್ಲನ್ನು ನಿಧಾನವಾಗಿ ನೋಡಿದರು. ಬೆರಳಿಟ್ಟು ಒಂದೊಂದೇ ಸಾಲು ಇಳಿದರು. "ಭಾರೀ ಮಾಡೀ. ಒಂದ ಸಾಲು ಬರದು ನೀನ ಸಹಿ ಮಾಡು. ಪ್ರಸ್ತುತ ವಿದ್ಯಾರ್ಥಿಗಳ ಸಂಖ್ಯಾ ನೋಡಿದ್ರ ಈ ವ್ಯವಸ್ಥಾ ಪೂರ್ತಿ ಸಾಕು ಅಂತ. ಅಂದ್ರ ತಕರಾರ ಉಳಿಯೂದಿಲ್ಲ."

ಅವಳು ಬರೆದು ಸಹಿ ಮಾಡಿದಳು. ಕೆಳಗೆ ಅವರು "ಪರಿಶೀಲಿಸಲಾಗಿದೆ" ಎಂದಷ್ಟೇ ಬರೆದರು. ಶಿಫಾರಸು ಎಂಬ ಶಬ್ದ ಅಲ್ಲಿ ಇರಲಿಲ್ಲ. ಶಿದ್ರಾಮ ಫೈಲು ತೆಗೆದುಕೊಳ್ಳುವಾಗ ಒಂದು ಸಲ ಓದಿ, ಅವಳ ಮುಖ ನೋಡಿದ. ಗುಮಾಸ್ತನಿಗೆ ಗೊತ್ತಾಗಿತ್ತು. ಹೇಳಿದರೆ ಹಳಿಂಗಳೆ ಸರ್ ಕಣ್ಣಿಗೆ ಬೀಳಬೇಕು, ಹೇಳದಿದ್ದರೆ ತನ್ನ ಗಂಟೇನೂ ಹೋಗುವುದಿಲ್ಲ. ಫೈಲಿಗೆ ನಂಬರು ಹಾಕಿ ಮುಂದೆ ಕಳಿಸಿದ.

ಜುಲೈಯಲ್ಲಿ ಕಾರ್ಯಭಾರದ ತಪಾಸಣೆ ಬಂತು. ಯಾವ ವಿಷಯಕ್ಕೆ ಎಷ್ಟು ವಿದ್ಯಾರ್ಥಿಗಳು, ಎಷ್ಟು ತಾಸು, ಅದಕ್ಕೆ ಎಷ್ಟು ಹುದ್ದೆ ಎಂದು ಲೆಕ್ಕ ಹಾಕಿ, ಹೆಚ್ಚಾದವರನ್ನು ಖಾಲಿ ಇರುವಲ್ಲಿಗೆ ಕಳಿಸುವ ವಾರ್ಷಿಕ ಜಾತ್ರೆ ಅದು. ಎರಡು ಹುದ್ದೆಯ ಕೆಲಸ ಸಸ್ಯಶಾಸ್ತ್ರದಲ್ಲಿ ಹೇಗೋ ಕೂಡಿಬರುತ್ತಿತ್ತು. ಬ್ಯಾಚು ಎರಡಿದ್ದವು, ಐಚ್ಛಿಕ ವಿಷಯವಿತ್ತು. ಆದರೆ ಈ ಸಲ ತಪಾಸಣೆಯವರ ಮುಂದೆ ಇನ್ನೊಂದು ಕಾಗದವಿತ್ತು. ಅದೇ ವಿಭಾಗದ ಪ್ರಾಧ್ಯಾಪಕಿ ತಾನೇ ಕೂತು, ತಾನೇ ಸಹಿ ಹಾಕಿ, ತಾನಿಲ್ಲದೆ ವಿಭಾಗ ಸೊಗಸಾಗಿ ನಡೆಯುತ್ತದೆಂದು ಚೌಕ ಚೌಕವಾಗಿ ತೋರಿಸಿಕೊಟ್ಟಿದ್ದಳು. ಅವರು ಇನ್ನೇನು ಹುಡುಕಬೇಕು?

ಆದೇಶ ಆಗಸ್ಟಿನಲ್ಲಿ ಬಂತು. ಪ್ರಾಚಾರ್ಯರು ಅವಳನ್ನು ಕರೆಸಿ, ಕುರ್ಚಿ ತೋರಿಸಿ, ನೀರು ಕೊಡಿಸಿ, ಮರಾಠಿಯಲ್ಲಿ ಓದಿ ಹೇಳಿದರು. ಸಸ್ಯಶಾಸ್ತ್ರದ ಒಂದು ಹುದ್ದೆ ಹೆಚ್ಚುವರಿಯಾಗಿದೆ. ಆ ಹುದ್ದೆಯ ಪ್ರಾ. ಹರ್ಷದಾ ಚೌಗುಲೆಯವರನ್ನು ರಾಜ್ಯದ ಆ ತುದಿಯ, ಗೋಂದಿಯಾ ಕಡೆಯ ಒಂದು ಕಾಲೇಜಿಗೆ ಹೊಂದಿಸಲಾಗಿದೆ. ಉಳಿದ ಅಲ್ಪ ತಾಸುಗಳಿಗೆ ನೆರೆಯ ಕಾಲೇಜಿನಿಂದ ಒಬ್ಬರು ವಾರಕ್ಕೆರಡು ದಿನ ಬರುವರು. ತಾಸಿನ ಲೆಕ್ಕದ ನೇಮಕ ದೀಪಾವಳಿಯ ನಂತರ ಮುಂದುವರಿಯುವುದಿಲ್ಲ.

"ಮತ್ತೆ ನನ್ನ ರಜೆ, ಸರ್?" ಎಂದಳು.

ಪ್ರಾಚಾರ್ಯರು ಇನ್ನೊಂದು ಕಾಗದ ತಿರುವಿದರು. ಹುದ್ದೆಯೇ ಇಲ್ಲದ ಮೇಲೆ ಆ ಹುದ್ದೆಯಿಂದ ರಜೆಯ ಪ್ರಶ್ನೆ ಉದ್ಭವಿಸುವುದಿಲ್ಲ, ಹೊಸ ಜಾಗದಲ್ಲಿ ಹಾಜರಾಗಿ ಅಲ್ಲಿಯ ಪ್ರಾಚಾರ್ಯರ ಮೂಲಕ ಹೊಸದಾಗಿ ಅರ್ಜಿ ಸಲ್ಲಿಸಬಹುದು. "ನಿಮ್ಮ ಟೈಮ್‌ಟೇಬಲ್ ಬಹಳ ಚೆನ್ನಾಗಿತ್ತು ಮೇಡಂ," ಎಂದರು ಅವರು. ವ್ಯಂಗ್ಯವಿರಲಿಲ್ಲ, ನಿಜಕ್ಕೂ ಮೆಚ್ಚಿ ಹೇಳಿದ್ದರು. ಅದಕ್ಕೇ ಅದು ಎದೆಗೆ ನಾಟಿತು.

ಸರ್ ಸಿಂಕಿನ ಹತ್ತಿರವೇ ಇದ್ದರು. ಹರ್ಷದಾ ಹೋಗಿ ಎದುರು ನಿಂತಳು. ಮರಾಠಿಯಲ್ಲಿ ಕೇಳಿದ್ದರೆ ಅವರು ನಿಯಮ ಹೇಳಿ ಜಾರಿಕೊಳ್ಳುತ್ತಿದ್ದರೋ ಏನೋ. ಅವಳು ಕನ್ನಡದಲ್ಲಿ ಕೇಳಿದಳು.

"ಸರ್, ಹಿಂಗ ಆಕ್ಕೈತಂತ ನಿಮಗ ಗೊತ್ತಿತ್ತೇನ್ರಿ?"

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಅದೇ ಹಳೆಯ, ಮನೆಯ ದನಿಯಲ್ಲಿ, "ಗೊತ್ತಿತ್ತು ತಂಗಿ," ಅಂದರು.

ಅವಳು ಹರಿಯುತ್ತಿದ್ದ ನಲ್ಲಿಯನ್ನು ತಿರುವಿ ನಿಲ್ಲಿಸಿದಳು.

"ನಿನಗ ಯಾಕ ಸುಳ್ಳ ಹೇಳ್ಲಿ? ಈ ವರ್ಷದ ಬದಲಿ ಯಾದಿಗೆ ಇಬ್ಬರಾಗ ಒಬ್ಬರ ಹೆಸರ ಹೋಗೂದ ಖಾತ್ರಿ ಇತ್ತು. ಇಲ್ಲಿ ಹೆಚ್ಚ ವರ್ಷ ಆದಾಂವ ನಾ. ನಂದ ಹೋಗಬೇಕಿತ್ತು. ಮನಿ ಕಟ್ಟೇನಿ, ನಿವೃತ್ತಿಗೆ ಬಂದೇನಿ. ಈ ವಯಸ್ಸಿನ್ಯಾಗ ಎಲ್ಲಿ ಹೋಗ್ಲಿ?" ಕೈ ಒರೆಸಿಕೊಳ್ಳುತ್ತ ಅಂದರು. "ನೀನೂ ನನ್ನ ಬಿಟ್ಟ ಬ್ಯಾರೆ ಗೈಡ್ ಹಿಡದಿ. ನಾ ಏನರ ಅಂದ್ನೇನು? ಅನ್ನಲಿಲ್ಲ. ನೀ ಸಣ್ಣಾಕಿ, ನಾಕ ವರ್ಷಕ್ಕ ತಿರುಗಿ ಬರ್ತಿ."

"ಒಂದ ಮಾತ ಹೇಳಿದ್ರ ನಾ ಅದನ್ನ ಬರೀತಿದ್ದಿಲ್ಲಲ್ರಿ."

"ಅದಕ್ಕ ಹೇಳ್ಲಿಲ್ಲ." ಅವರ ಮುಖದಲ್ಲಿ ಕಳವಳವೂ ಇರಲಿಲ್ಲ, ಗೆದ್ದ ಗರ್ವವೂ ಇರಲಿಲ್ಲ. "ನಮ್ಮಾಕಿ ಅಂತ ಖರೇ ಹೇಳೇನಿ, ಹೊರಗ ಆಡಬ್ಯಾಡ. ಮತ್ತ ಋತುಜಾಗ ದೀಪಾವಳಿ ಮಾತ ಹೇಳಬ್ಯಾಡ. ಈಗ ಬಿಟ್ಟ ಹ್ವಾದ್ರ ಕ್ಲಾಸಿಗೆ ಯಾರೂ ಇಲ್ಲ."

ಹರ್ಷದಾಗೆ ಅವರ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಬಾರಿಸುವವಳಾಗಿದ್ದರೆ ಅಷ್ಟು ಅಚ್ಚುಕಟ್ಟಾಗಿ ತನ್ನನ್ನು ತಾನೇ ಅಳಿಸಿಕೊಳ್ಳುವವಳೂ ಆಗಿರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಶಾಲು, ತೆಂಗಿನಕಾಯಿ ಕೊಟ್ಟು ಬೀಳ್ಕೊಟ್ಟರು. ಸರ್ ಮರಾಠಿಯಲ್ಲಿ ಹತ್ತು ನಿಮಿಷ ಅವಳನ್ನು ಹೊಗಳಿದರು. ಎಲ್ಲರ ಜೊತೆ ಫೋಟೋಕ್ಕೆ ನಿಂತು ಅವಳೂ ನಕ್ಕಳು.

ಗೈಡ್ ಫೋನಿನಲ್ಲಿ ನೇರವಾಗಿ ಹೇಳಿದರು. ಪೂರ್ಣ ವೇಳೆಯ ಪ್ರವೇಶ ಇನ್ನು ಉಳಿಯುವುದಿಲ್ಲ. ಹೊಸ ಕಾಲೇಜಿನಿಂದ ಒಪ್ಪಿಗೆ ಪತ್ರ ತಂದರೆ ಅರೆಕಾಲಿಕಕ್ಕೆ ಬದಲಿಸಲು ಅರ್ಜಿ ಹಾಕಿ ನೋಡೋಣ. ಆದರೆ ಸಂಶೋಧನೆಗೆಂದು ಸಲಗರೆ ಊರಿನ ಹೊಲದಲ್ಲಿ ನೆಟ್ಟ ಅರಿಶಿನದ ಮೇಲೆ ಈ ವರ್ಷದ ರೋಗದ ಚುಕ್ಕೆಗಳ ಎಣಿಕೆ ಒಂದು ವಾರವೂ ತಪ್ಪಕೂಡದು. ತಪ್ಪಿತೋ, ವಿಷಯವೇ ಮುಗಿದಂತೆ. ಹರ್ಷದಾ ಫೋನು ಇಟ್ಟಳು. ರಜೆ ಹೋಯಿತು, ಊರು ಹೋಯಿತು. ಗಂಡ, ಮನೆ ಇಲ್ಲಿಯೇ ಉಳಿಯುತ್ತವೆ. ಕೈಯಲ್ಲಿ ಉಳಿದದ್ದು ಸಲಗರೆಯ ಆ ತುಂಡು ಹೊಲ ಒಂದೇ, ಅದನ್ನೂ ಬಿಡಲು ಅವಳು ತಯಾರಿರಲಿಲ್ಲ.

ಆ ಹೊಲ ಋತುಜಾಳ ಮನೆಯವರದು. ಸಲಗರೆಯ ಹುಡುಗಿ ಅವಳು, ಪ್ರಾಧ್ಯಾಪಕರ ಅರ್ಹತಾ ಪರೀಕ್ಷೆ ಪಾಸಾಗಿ ಕಾಯಂ ನೌಕರಿಯ ಜಾಹೀರಾತಿಗೆ ಕಾದು ಕಾದು ತಾಸಿನ ಲೆಕ್ಕದಲ್ಲಿ ಸವೆಯುತ್ತಿದ್ದಳು. ಮೇಡಂ ಅಂದರೆ ಪ್ರಾಣ. ಎಲೆಯ ಮೇಲಿನ ಚುಕ್ಕೆಗಳನ್ನು ಎಣಿಸುವುದು, ಅಳೆಯುವುದು, ಮಾದರಿ ಕಟ್ಟುವುದು ಎಲ್ಲವನ್ನೂ ಹರ್ಷದಾ ಅವಳಿಗೆ ಕಲಿಸಿದ್ದಳು.

ಹೊರಡುವ ಹಿಂದಿನ ದಿನ ಹರ್ಷದಾ ಸಲಗರೆಗೆ ಹೋದಳು. ಅರಿಶಿನ ಮೊಣಕಾಲಿಗಿಂತ ಎತ್ತರ ಬೆಳೆದಿತ್ತು, ಕೆಳಗಿನ ಎಲೆಗಳಲ್ಲಿ ಕರ್ಪಾದ ಮೊದಲ ಚುಕ್ಕೆಗಳು ಕಾಣುತ್ತಿದ್ದವು. ಋತುಜಾ ಸಾಲಿನ ನಡುವೆ ಕೂತಿದ್ದಳು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಆಡಲು ತಡವರಿಸುತ್ತಿದ್ದಳು. ಆದರೂ ಮೇಡಂ ಹೋಗುತ್ತಿದ್ದಾರೆಂಬ ಪ್ರೀತಿಗೋ ಏನೋ, ಆ ದಿನ ನಡುನಡುವೆ ಮರಾಠಿ ಬೆರೆಸುತ್ತ ಹಟದಿಂದ ಕನ್ನಡದಲ್ಲೇ ಆಡಿದಳು.

"ಮೇಡಂ, ಒಂದ ಕೇಳಲಿ? ಮಿರಜದಾಗ ಒಂದ ಖಾಸಗಿ ಕಾಲೇಜನವರು ಕರದಾರ. ವರ್ಷದ ಕರಾರ. ಪಗಾರ ಜಾಸ್ತಿ ನಾಯ್, ಪಣ ತಿಂಗಳಾ ತಿಂಗಳಾ ಸಿಗತೈತಿ. ಇವತ್ತ ಸಂಜೀತನ ಹೇಳ್ರಿ ಅಂದಾರ." ತಲೆ ಎತ್ತಿ ನೋಡಿದಳು. "ಅಲ್ಲಿ ಹ್ವಾದ್ರ ರವಿವಾರ ಸುದ್ದಾ ಕೆಲಸಾ. ಇಲ್ಲಿಂದ ಆಗೂದಿಲ್ಲ, ಮಿರಜದಾಗ ರೂಮ್ ಮಾಡಬೇಕ. ಹೊಲದ ಎಣಿಕಿ ಆಗೂದಿಲ್ಲ. ನೀವ ಹೋಗತೀರಿ ಅಂದ ಮ್ಯಾಲ ನಿಮ್ಮ ತಾಸು ನನಗ ಸಿಗತಾವ, ಹೌದಲ್ರಿ? ಸರ್ ಏನೂ ಹೇಳವಲ್ರು. ನೀವ ಹೇಳ್ರಿ, ನಾ ಏನ್ ಮಾಡ್ಲಿ?"

ಹರ್ಷದಾಗೆ ಆದೇಶದ ಕೊನೆಯ ಸಾಲು ಕಣ್ಣಿಗೆ ಕಟ್ಟಿತು. ದೀಪಾವಳಿ ದೂರವೇನಿರಲಿಲ್ಲ. ಆಮೇಲೆ ಈ ಹುಡುಗಿಗೆ ಸಾಂಗ್ಲಿಯೂ ಇಲ್ಲ, ಮಿರಜವೂ ಇಲ್ಲ. ವರ್ಷದ ನಡುವೆ ಬೇರೆ ಯಾರೂ ಕರೆಯುವುದಿಲ್ಲ. ಹೋಗು ಮಗಾ, ಈಗಲೇ ಫೋನು ಮಾಡಿ ಬರ್ತೇನಂತ ಹೇಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಗ್ಗಿ ಒಂದು ಎಲೆ ತಿರುವಿದಳು. ಚುಕ್ಕೆ ಹೋದ ವಾರಕ್ಕಿಂತ ದೊಡ್ಡದಾಗಿತ್ತು, ಅವಳು ಅಂದುಕೊಂಡ ಹಾಗೆಯೇ ಹಬ್ಬುತ್ತಿತ್ತು. ಅರಿಶಿನ ಕೀಳುವ ತನಕ ಯಾರಾದರೂ ಎಣಿಸಬೇಕಿತ್ತು.

"ನನ್ನ ತಾಸು ನಿನಗ ಸಿಗತಾವ ಋತುಜಾ," ಅಂದಳು, ಮನೆಯ ದನಿಯಲ್ಲಿ. "ನೀ ಇಲ್ಲೇ ಇರು. ನಮ್ಮಾಕಿ ಅಂತ ಹೇಳಾಕತ್ತೇನಿ."

ಋತುಜಾಳ ಮುಖ ಅರಳಿತು. ಅಲ್ಲಿಯೇ, ಅವಳ ಎದುರಿಗೇ, ಮಿರಜಕ್ಕೆ ಫೋನು ಹಚ್ಚಿ ಮರಾಠಿಯಲ್ಲಿ, ಬರಲಾಗುವುದಿಲ್ಲ ಸರ್, ನನಗೆ ಸರಕಾರಿ ಕಾಲೇಜಿನಲ್ಲಿ ತಾಸು ಹೆಚ್ಚಾಗುತ್ತಿವೆ, ಎಂದು ಹೆಮ್ಮೆಯಿಂದ ಹೇಳಿದಳು. ಫೋನು ಇಟ್ಟು, ಕೈಯ ಮಣ್ಣು ಲಂಗಕ್ಕೆ ಒರೆಸಿಕೊಂಡು, ಬಗ್ಗಿ ಮೇಡಂ ಕಾಲು ಮುಟ್ಟಿದಳು.

ಹರ್ಷದಾ ಅವಳ ತಲೆಯ ಮೇಲೆ ಕೈಯಿಟ್ಟಳು. "ಸೋಮವಾರ ತಪ್ಪಸಬ್ಯಾಡ," ಅಂದಳು. "ಪ್ರತಿ ಸೋಮವಾರ ಎಣಿಸಿ ನನಗ ಕಳಸು."